‘ವೈರಸ್ ಬಂದಿದೆ, ಈ ಸಂಖ್ಯೆಗೆ ಕರೆ ಮಾಡಿ’ ಎಂದಿತು ಪರದೆ. ಕರೆ ಮಾಡಿ ಕಂಪ್ಯೂಟರನ್ನು ಅವರ ಕೈಗೆ ಕೊಟ್ಟಿದ್ದೇನೆ. ಈಗ ಏನು ಮಾಡಲಿ?

ಮಂಡಗದ್ದೆ ಮೇಷ್ಟರು · ಬುಧವಾರ, ಬೆಳಿಗ್ಗೆ 6:50

ಎಲ್ಲರಿಗೂ ನಮಸ್ಕಾರ. ನಾನು ನಿವೃತ್ತ ಶಿಕ್ಷಕ, ತೀರ್ಥಹಳ್ಳಿ ತಾಲ್ಲೂಕಿನವನು. ನಿನ್ನೆ ಸಂಜೆ ನಡೆದದ್ದನ್ನು ಆದಷ್ಟು ಕ್ರಮವಾಗಿ ಬರೆಯುತ್ತೇನೆ. ರಾತ್ರಿಯೆಲ್ಲ ನಿದ್ದೆ ಹತ್ತಲಿಲ್ಲ.

ತೋಟದ ಪಹಣಿಯೊಂದನ್ನು ಮುದ್ರಿಸಬೇಕಿತ್ತು. ಪ್ರಿಂಟರ್ ಕೆಲಸ ಮಾಡಲಿಲ್ಲ. ಅದರ ಹೆಸರು ಹಾಕಿ ಡ್ರೈವರ್ ಹುಡುಕಿದೆ, ಮೊದಲು ಕಂಡ ಕೊಂಡಿಯನ್ನೇ ಒತ್ತಿದೆ. ಒಡನೆಯೇ ಇಡೀ ಪರದೆ ನೀಲಿಯಾಯಿತು, ನಡುವೆ ಕೆಂಪು ಪಟ್ಟಿ. ಕಂಪ್ಯೂಟರನ್ನು ಆರಿಸಬೇಡಿ, ಆರಿಸಿದರೆ ಎಲ್ಲ ಕಡತಗಳೂ ನಾಶವಾಗುತ್ತವೆ ಎಂದು ಹೆಂಗಸಿನ ದನಿಯೊಂದು ಇಂಗ್ಲಿಷಿನಲ್ಲಿ ಕೂಗತೊಡಗಿತು. ಅಡುಗೆಮನೆಯಲ್ಲಿದ್ದ ಮನೆಯವರು ಓಡಿ ಬಂದರು, ಅಷ್ಟು ಜೋರು. ಮೌಸ್ ಆಡಿಸಿದರೂ ಬಾಣದ ಗುರುತು ಹೇಳಿದಂತೆ ಕೇಳುತ್ತಿರಲಿಲ್ಲ. ಕೆಳಗೆ ಒಂದು ಫೋನ್ ಸಂಖ್ಯೆ ಇತ್ತು. ಕರೆ ಮಾಡಿದೆ.

ಆ ಕಡೆಯವನು ಬಹಳ ವಿನಯದಿಂದ ಮಾತನಾಡಿದ. ವಿಂಡೋಸ್ ಕೀಲಿಯ ಜೊತೆ `R` ಒತ್ತಿಸಿ, `eventvwr` ಎಂದು ಬರೆಸಿದ. ತೆರೆದ ಪಟ್ಟಿಯಲ್ಲಿ ಕೆಂಪು ಗುರುತುಗಳು ಸಾಲುಸಾಲಾಗಿದ್ದವು. ಮೇಲೆ ಎಣಿಕೆ ಸಾವಿರ ದಾಟಿತ್ತು. ‘ಇವೆಲ್ಲವೂ ವೈರಸ್’ ಎಂದ. ನನ್ನ ಕಂಪ್ಯೂಟರಿನಲ್ಲೇ, ನನ್ನ ಕಣ್ಣೆದುರಿಗೇ ಇದ್ದದ್ದನ್ನು ಹೇಗೆ ಸುಳ್ಳೆನ್ನಲಿ? ಅವನು ಹೇಳಿದ ತಂತ್ರಾಂಶ ಇಳಿಸಿಕೊಂಡೆ, ಅದರಲ್ಲಿ ಬಂದ ಅಂಕಿಗಳನ್ನು ಓದಿ ಹೇಳಿದೆ, ಒಪ್ಪಿಗೆಯ ಗುಂಡಿ ಒತ್ತಿದೆ. ಆಮೇಲೆ ಬಾಣ ತಾನಾಗಿಯೇ ಓಡಾಡತೊಡಗಿತು. ಕಪ್ಪು ಕಿಟಕಿಯೊಂದರಲ್ಲಿ ಸಾಲುಗಳು ಸರಸರನೆ ಹರಿದು, ಕೊನೆಗೆ ವೈರಸ್ ಸಿಕ್ಕಿದೆ ಎಂಬ ಇಂಗ್ಲಿಷ್ ವಾಕ್ಯ ನಿಂತಿತು.

ಮೂರು ವರ್ಷದ ರಕ್ಷಣೆಗೆ 18,000 ರೂಪಾಯಿ ಎಂದ. ನೆಟ್‌ಬ್ಯಾಂಕಿಂಗ್ ತೆರೆಯಲು ಹೇಳಿದ. ಬಳಕೆದಾರರ ಹೆಸರು, ಪಾಸ್‌ವರ್ಡ್ ಎರಡನ್ನೂ ಹಾಕಿದೆ. ಓಟಿಪಿ ಬರುವ ಮೊದಲೇ ಕರೆಂಟ್ ಹೋಯಿತು. ಮಳೆ ಹಿಡಿದಿತ್ತು. ಕರೆಂಟ್ ಹೋಯಿತೆಂದು ಫೋನಿನಲ್ಲಿ ಹೇಳಿದರೆ, ‘ಯುಪಿಎಸ್ ಇಲ್ಲವೇ? ಮೊಬೈಲಿನಲ್ಲಿ ಬ್ಯಾಂಕ್ ತೆರೆಯಿರಿ’ ಎಂದು ದನಿ ಏರಿಸಿದ. ಅದುವರೆಗೆ ಅಷ್ಟು ಮೆತ್ತಗೆ ಮಾತನಾಡಿದವನು. ಆಗ ನನಗೆ ಅನುಮಾನ ಬಂದು ಕರೆ ಮುರಿದೆ. ಆಮೇಲೆ ಆರು ಸಲ ಕರೆ ಬಂತು, ಎತ್ತಲಿಲ್ಲ.

ಖಾತೆಯಿಂದ ಹಣ ಹೋಗಿಲ್ಲ. ಆದರೆ ಅವರು ಏನನ್ನು ನೋಡಿದರು, ಏನನ್ನು ಕೊಂಡೊಯ್ದರು? ಈಗ ಕಂಪ್ಯೂಟರ್ ಹಚ್ಚಬಹುದೇ?

ಸಾಗರದ ಗಣಕ ರಿಪೇರಿ · 7:15

ಮೇಷ್ಟರೇ, ಸದ್ಯಕ್ಕೆ ಹಚ್ಚಬೇಡಿ. ರೂಟರಿನಿಂದ ಬರುವ ತಂತಿಯನ್ನು ಕಂಪ್ಯೂಟರಿನಿಂದ ಕಿತ್ತಿಡಿ. ವೈಫೈ ಆಗಿದ್ದರೆ ರೂಟರನ್ನೇ ಆರಿಸಿ.

ನಿಮ್ಮ ಮೊಬೈಲಿನಿಂದ ಬ್ಯಾಂಕಿಗೆ ಈಗಲೇ ಕರೆ ಮಾಡಿ. ಸಂಖ್ಯೆಯನ್ನು ಪಾಸ್‌ಪುಸ್ತಕದಿಂದ ಅಥವಾ ಕಾರ್ಡಿನ ಹಿಂಬದಿಯಿಂದ ತೆಗೆದುಕೊಳ್ಳಿ, ಅಂತರ್ಜಾಲದಲ್ಲಿ ಹುಡುಕಲು ಹೋಗಬೇಡಿ. ಮೊದಲ ತಪ್ಪು ಆದದ್ದೂ ಹುಡುಕಾಟದ ಮೊದಲ ಕೊಂಡಿಯಿಂದಲೇ. ನೆಟ್‌ಬ್ಯಾಂಕಿಂಗ್ ಮುಚ್ಚಿಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಆಮೇಲೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ. ಹಣ ಹೋಗಿಲ್ಲವೆಂದು ಸುಮ್ಮನಿರಬೇಡಿ.

ಆಮೇಲೆ ಇ-ಮೇಲ್ ಪಾಸ್‌ವರ್ಡನ್ನು ಮೊಬೈಲಿನಿಂದಲೇ ಬದಲಿಸಿ. ಇ-ಮೇಲ್ ಮೊದಲು ಏಕೆಂದರೆ, ಉಳಿದ ಹೆಚ್ಚಿನ ಖಾತೆಗಳ ಪಾಸ್‌ವರ್ಡ್ ಮರಳಿ ಪಡೆಯುವ ದಾರಿ ಅದರ ಮೂಲಕವೇ ಹೋಗುತ್ತದೆ. ಇಷ್ಟು ಮಾಡಿ ಬನ್ನಿ, ಮಿಕ್ಕದ್ದು ನಿಧಾನವಾಗಿ ನೋಡೋಣ.

ಹೊಸನಗರದ ಹುಡುಗ · 7:32

ಸರ್, ನಾನು ಎಂಜಿನಿಯರಿಂಗ್ ಓದುತ್ತಿದ್ದೇನೆ. ಇಷ್ಟು ಗಾಬರಿ ಬೇಡ. ಅವರು ಹಾಕಿಸಿದ ತಂತ್ರಾಂಶವನ್ನು ತೆಗೆದುಹಾಕಿ, ವಿಂಡೋಸನ್ನು ರೀಸೆಟ್ ಮಾಡಿದರೆ ಎಲ್ಲವೂ ಸ್ವಚ್ಛವಾಗುತ್ತದೆ. ಮೊದಲೇ ಒಳ್ಳೆಯ ಆಂಟಿವೈರಸ್ ಇದ್ದಿದ್ದರೆ ಅದೇ ತಡೆಯುತ್ತಿತ್ತು.

ತುಂಗಾತೀರ · 7:58

ಮಳೆಗಾಲದಲ್ಲಿ ನಮ್ಮ ಪ್ರಿಂಟರಿಗೂ ಇದೇ ತೊಂದರೆ. ಕಾಗದ ಥಂಡಿ ಹಿಡಿದು ಸಿಕ್ಕಿಕೊಳ್ಳುತ್ತದೆ. ತಂತಿ ಕಳಚಿ ಮತ್ತೆ ಚುಚ್ಚಿ ನೋಡಿದಿರಾ? ಡ್ರೈವರ್ ಹುಡುಕುವುದೇ ಬೇಡ, ವಿಂಡೋಸ್ ಎಷ್ಟೋ ಸಲ ತಾನೇ ಹಾಕಿಕೊಳ್ಳುತ್ತದೆ.

ಸಾಗರದ ಗಣಕ ರಿಪೇರಿ · 8:40

ತುಂಗಾತೀರ ಅವರೇ, ಪ್ರಿಂಟರ್ ಆಮೇಲೆ ನೋಡೋಣ, ಮೇಷ್ಟರಿಗೆ ಈಗ ಬೇರೆಯೇ ಕಷ್ಟ.

ಹೊಸನಗರದ ತಮ್ಮನಿಗೆ ಎರಡು ಮಾತು. ಆಂಟಿವೈರಸ್ ತಡೆಯುತ್ತಿತ್ತೆಂಬ ಭರವಸೆ ಇಲ್ಲಿ ನಿಲ್ಲುವುದಿಲ್ಲ. ದೂರದಿಂದ ಕಂಪ್ಯೂಟರ್ ನಡೆಸುವ ಎನಿಡೆಸ್ಕ್, ಟೀಮ್‌ವ್ಯೂವರ್‌ನಂಥ ತಂತ್ರಾಂಶಗಳು ಕಾನೂನುಬದ್ಧವಾದವು. ನನ್ನ ಅಂಗಡಿಯಲ್ಲಿ ನಾನೂ ದಿನವೂ ಬಳಸುತ್ತೇನೆ. ಮನೆಯ ಯಜಮಾನನೇ ಒಪ್ಪಿಗೆ ಒತ್ತಿ ಬಾಗಿಲು ತೆರೆದರೆ, ಅದನ್ನು ಕಳ್ಳತನವೆಂದು ಆಂಟಿವೈರಸ್ ಸಾಮಾನ್ಯವಾಗಿ ಗುರುತಿಸುವುದಿಲ್ಲ. ಇನ್ನು ರೀಸೆಟ್. ಅದು ಬೇಕಾಗಬಹುದು, ಆದರೆ ಈಗಲೇ ಅಲ್ಲ. ಯಾರು ಬಂದಿದ್ದರು, ಎಷ್ಟು ಸಲ ಬಂದಿದ್ದರು ಎಂಬ ಗುರುತು ಆ ಕಂಪ್ಯೂಟರಿನಲ್ಲೇ ಇದೆ. ರೀಸೆಟ್ ಮಾಡಿದರೆ ಅದೂ ಅಳಿಸಿಹೋಗುತ್ತದೆ.

ಈಗ ಮೇಷ್ಟರ ಮುಖ್ಯ ಪ್ರಶ್ನೆಗೆ ಬರುತ್ತೇನೆ. ನನ್ನ ಕಣ್ಣೆದುರಿಗೇ ಇದ್ದದ್ದನ್ನು ಹೇಗೆ ಸುಳ್ಳೆನ್ನಲಿ ಎಂದಿರಿ. ಈ ವಂಚನೆ ನಿಂತಿರುವುದೇ ಅದರ ಮೇಲೆ. ಅವನು ತೋರಿಸಿದ್ದು ನಿಜವಾದ ಪಟ್ಟಿಯೇ. ಸುಳ್ಳಾಗಿದ್ದದ್ದು ಅದರ ಅರ್ಥ ಮಾತ್ರ. `eventvwr` ತೆರೆದರೆ ಕಾಣುವುದು ವಿಂಡೋಸ್ ಬರೆದಿಟ್ಟುಕೊಳ್ಳುವ ದಿನಚರಿ. ಯಾವ ಸೇವೆ ತಡವಾಗಿ ಶುರುವಾಯಿತು, ಯಾವುದು ಒಮ್ಮೆ ಉತ್ತರ ಕೊಡಲಿಲ್ಲ, ಎಲ್ಲವೂ ಅಲ್ಲಿ ದಾಖಲಾಗುತ್ತದೆ. ಹೊಸ ಕಂಪ್ಯೂಟರಿನಲ್ಲೂ ಕೆಲವೇ ದಿನಗಳಲ್ಲಿ ಕೆಂಪು, ಹಳದಿ ಗುರುತುಗಳು ತುಂಬುತ್ತವೆ.

ನಮ್ಮ ಮಲೆನಾಡಿನಲ್ಲಂತೂ ಹೇಳುವುದೇ ಬೇಡ. ಯುಪಿಎಸ್ ಇಲ್ಲದ ಕಂಪ್ಯೂಟರ್ ಓಡುತ್ತಿರುವಾಗ ಕರೆಂಟ್ ಹೋದರೆ, ಮುಂದಿನ ಸಲ ಹಚ್ಚಿದಾಗ ವಿಂಡೋಸ್ ಎರಡು ಕೆಂಪು ಸಾಲು ಬರೆಯುತ್ತದೆ. ಒಂದು `Kernel-Power`, ಸಂಖ್ಯೆ 41. ಇನ್ನೊಂದು 6008. ಎರಡರ ಅರ್ಥವೂ ಒಂದೇ: ನನ್ನನ್ನು ಸರಿಯಾಗಿ ಆರಿಸಲಿಲ್ಲ. ಆಷಾಢದಲ್ಲಿ ದಿನಕ್ಕೆ ಎಷ್ಟು ಸಲ ಕರೆಂಟ್ ಹೋಗುತ್ತದೆಂದು ನಿಮಗೇ ಗೊತ್ತು. ಅವನು ವೈರಸ್ ಎಂದು ತೋರಿಸಿದ ಸಾಲುಗಳಲ್ಲಿ ಎಷ್ಟೋ ನಮ್ಮ ಮಳೆಗಾಲದ ಲೆಕ್ಕವೇ ಆಗಿರುತ್ತವೆ.

ಕಪ್ಪು ಕಿಟಕಿಯ ಗುಟ್ಟೂ ಹೀಗೆಯೇ. ಅವರು ಅಲ್ಲಿ ಬರೆಯುವುದು ಸಾಮಾನ್ಯವಾಗಿ ಈ ಒಂದೇ ಸಾಲು:

```
tree C:\
```

ಇದು ಡಿಸ್ಕಿನಲ್ಲಿರುವ ಫೋಲ್ಡರುಗಳ ಹೆಸರನ್ನು ಕೊಂಬೆಕೊಂಬೆಯಾಗಿ ಬರೆದು ತೋರಿಸುತ್ತದೆ, ಇನ್ನೇನನ್ನೂ ಹುಡುಕುವುದಿಲ್ಲ. ಸಾಲುಗಳು ಹರಿಯುತ್ತಿರುವಾಗ ಅವನು ಕೀಲಿಮಣೆಯಲ್ಲಿ ವೈರಸ್ ಸಿಕ್ಕಿದೆ ಎಂದು ಬೆರಳಚ್ಚಿಸುತ್ತಾನೆ. ಆ ಅಕ್ಷರಗಳು ಒಳಗೇ ಕಾದಿದ್ದು, ಪಟ್ಟಿ ಮುಗಿದೊಡನೆ ಕಾಣಿಸಿಕೊಳ್ಳುತ್ತವೆ. ನೆನಪು ಮಾಡಿಕೊಳ್ಳಿ ಮೇಷ್ಟರೇ, ಆ ವಾಕ್ಯದ ಎಡಕ್ಕೆ `C:\Users\` ಎಂದು ಶುರುವಾಗಿ `>` ಗುರುತಿನಿಂದ ಮುಗಿಯುವ ಬರಹ ಇತ್ತೇ? ಆ ಗುರುತಿನ ಬಲಕ್ಕೆ ಬರುವುದು ಮನುಷ್ಯ ಬರೆದದ್ದು. ಕಂಪ್ಯೂಟರ್ ಕೊಡುವ ಉತ್ತರ ಅಲ್ಲಿ ಬರುವುದಿಲ್ಲ.

ಮಂಡಗದ್ದೆ ಮೇಷ್ಟರು · 10:05

ಇತ್ತು. `>` ಗುರುತಿನ ಪಕ್ಕದಲ್ಲೇ ಇತ್ತು. ಅದರ ಮುಂದೆ ಸಣ್ಣ ಗೆರೆಯೊಂದು ಮಿಣುಕುತ್ತಿದ್ದದ್ದೂ ಈಗ ನೆನಪಾಗುತ್ತಿದೆ.

ಬ್ಯಾಂಕಿಗೆ ಕರೆ ಮಾಡಿದೆ, ನೆಟ್‌ಬ್ಯಾಂಕಿಂಗ್ ಮುಚ್ಚಿದ್ದಾರೆ, ದೂರಿನ ಸಂಖ್ಯೆ ಕೊಟ್ಟಿದ್ದಾರೆ. 1930ರಲ್ಲೂ ದೂರು ಬರೆಸಿದೆ. ಇ-ಮೇಲ್ ಪಾಸ್‌ವರ್ಡ್ ಬದಲಿಸಿದೆ.

ಒಂದು ಸಂಗತಿ ಬೆಳಿಗ್ಗೆ ಬರೆಯಲು ಮರೆತಿದ್ದೆ. ರಾತ್ರಿ ಒಂಬತ್ತರ ಹೊತ್ತಿಗೆ ಕರೆಂಟ್ ಬಂದಾಗ, ಸರಿಯಿದೆಯೇ ನೋಡೋಣವೆಂದು ಕಂಪ್ಯೂಟರ್ ಹಚ್ಚಿ ಊಟಕ್ಕೆ ಹೋಗಿದ್ದೆ. ಬಂದು ನೋಡಿದಾಗ ಪರದೆ ಕಪ್ಪಾಗಿತ್ತು. ಮೌಸ್ ಅಲುಗಿಸಿದರೂ ಬೆಳಗಲಿಲ್ಲ. ಗುಂಡಿಯನ್ನು ಒತ್ತಿ ಹಿಡಿದು ಆರಿಸಿ ಮಲಗಿದೆ. ಇದಕ್ಕೂ ಅದಕ್ಕೂ ಸಂಬಂಧ ಇದೆಯೇ?

ಕೊಪ್ಪದ ಕಾಫಿತೋಟ · 10:30

ನನ್ನದೂ ಇದೇ ಸಮಸ್ಯೆ. ಮೊಬೈಲಿನಲ್ಲಿ ದಿನಕ್ಕೆ ಹತ್ತಾರು ಸಲ ‘ನಿಮ್ಮ ಫೋನಿನಲ್ಲಿ ವೈರಸ್ ಇದೆ’ ಎಂಬ ಸೂಚನೆ ಮೇಲಿಂದ ಇಳಿಯುತ್ತದೆ. ಯಾವ ಆ್ಯಪ್ ತೆರೆದಿಲ್ಲದಿದ್ದರೂ ಬರುತ್ತದೆ. ಫೋನನ್ನೇ ಬದಲಿಸಬೇಕೇ?

ಸಾಗರದ ಗಣಕ ರಿಪೇರಿ · 11:10

ಕೊಪ್ಪದವರೇ, ನಿಮ್ಮದು ಬೇರೆ, ಸುಲಭದ್ದು. ಯಾವುದೋ ತಾಣ ‘ಸೂಚನೆ ಕಳುಹಿಸಲೇ’ ಎಂದು ಕೇಳಿದಾಗ ಎಂದೋ ಒಪ್ಪಿಗೆ ಕೊಟ್ಟಿರುತ್ತೀರಿ. ಆ ಸೂಚನೆಯನ್ನು ಒತ್ತಿ ಹಿಡಿಯಿರಿ, ಕಳುಹಿಸುತ್ತಿರುವ ತಾಣದ ಹೆಸರು ಕಾಣಬಹುದು. ಕ್ರೋಮ್ ಸೆಟ್ಟಿಂಗ್ಸಿನಲ್ಲಿ `Site settings`, ಅದರೊಳಗೆ `Notifications` ತೆರೆದು ಗುರುತಿಲ್ಲದ ತಾಣಗಳನ್ನು ತೆಗೆದುಹಾಕಿ. ಫೋನ್ ಬದಲಿಸಬೇಡಿ. ಆ ಸೂಚನೆಯನ್ನು ಒತ್ತಿ ಅದು ಹೇಳಿದ ಆ್ಯಪ್ ಹಾಕಿಕೊಂಡಿದ್ದರೆ ಮಾತ್ರ ಬೇರೆ ಮಾತು, ಆಗ ಹೇಳಿ.

ಮೇಷ್ಟರೇ, ನಿಮ್ಮ ಕಪ್ಪು ಪರದೆಯ ವಿಷಯ ನನಗೆ ಸರಿ ಕಾಣುತ್ತಿಲ್ಲ. ಇಂಥ ತಂತ್ರಾಂಶಗಳಲ್ಲಿ ಎದುರು ಕುಳಿತವನಿಗೆ ಪರದೆ ಕಾಣದಂತೆ ಮಾಡಿ ಒಳಗೆ ಕೆಲಸ ಮಾಡುವ ಸೌಲಭ್ಯವಿದೆ. ಪಾಸ್‌ವರ್ಡ್ ಇಟ್ಟುಕೊಂಡರೆ, ಮುಂದಿನ ಸಲ ನಿಮ್ಮ ಒಪ್ಪಿಗೆ ಕೇಳದೆಯೇ ಬರುವ ಏರ್ಪಾಟನ್ನೂ ಮಾಡಿಕೊಳ್ಳಬಹುದು. ಪರದೆ ಬರೀ ನಿದ್ರೆಗೂ ಹೋಗಿರಬಹುದು. ಊಹೆ ಬೇಡ, ನೋಡಿಯೇ ತಿಳಿಯೋಣ.

ಅಂತರ್ಜಾಲದ ತಂತಿ ಕಿತ್ತಿದೆಯೆಂದು ಖಚಿತಪಡಿಸಿಕೊಂಡು ಕಂಪ್ಯೂಟರ್ ಹಚ್ಚಿ. ಅವನು ಹಾಕಿಸಿದ್ದು ಎನಿಡೆಸ್ಕ್ ಆಗಿದ್ದರೆ ಈ ಕಡತವನ್ನು ತೆರೆಯಿರಿ:

```
C:\ProgramData\AnyDesk\connection_trace.txt
```

ಅಲ್ಲಿ ಇಲ್ಲದಿದ್ದರೆ ವಿಂಡೋಸ್ ಕೀಲಿಯ ಜೊತೆ `R` ಒತ್ತಿ `%appdata%\AnyDesk` ಎಂದು ಬರೆದು ನೋಡಿ. `Incoming` ಎಂದು ಶುರುವಾಗುವ ಒಂದೊಂದು ಸಾಲೂ ಹೊರಗಿನಿಂದ ಬಂದ ಒಂದೊಂದು ಸಂಪರ್ಕ. ಅದರಲ್ಲಿ ದಿನ, ಸಮಯ, ಬಂದವರ ಅಂಕಿ ಇರುತ್ತದೆ. ಮೊಬೈಲಿನಿಂದ ಫೋಟೋ ತೆಗೆಯಿರಿ. ಆ ಫೋಲ್ಡರನ್ನು ಪೂರ್ತಿಯಾಗಿ ಪೆನ್‌ಡ್ರೈವಿಗೆ ನಕಲು ಮಾಡಿ. ಆಮೇಲೆ `appwiz.cpl` ತೆರೆದು, ಸ್ಥಾಪಿಸಿದ ದಿನಾಂಕದ ಪ್ರಕಾರ ಜೋಡಿಸಿ, ನಿನ್ನೆಯ ದಿನಾಂಕದಲ್ಲಿ ಏನೇನು ಸೇರಿದೆಯೆಂದು ಹೇಳಿ.

ನಿವೃತ್ತ ಬ್ಯಾಂಕ್ ಅಧಿಕಾರಿ, ಶಿವಮೊಗ್ಗ · 12:20

ಮೇಷ್ಟರು ಬೆಳಿಗ್ಗೆಯೇ ದೂರು ಕೊಟ್ಟದ್ದು ಏಕೆ ಮುಖ್ಯ ಎಂಬುದನ್ನು ಹೇಳಬೇಕೆನಿಸಿತು. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ, ಬ್ಯಾಂಕಿನದೂ ಗ್ರಾಹಕರದೂ ತಪ್ಪಿಲ್ಲದೆ ಹಣ ಹೋಗಿದ್ದು, ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರ ಮೇಲೆ ಹೊಣೆ ಇಲ್ಲ. ಪಾಸ್‌ವರ್ಡ್ ಹಂಚಿಕೊಂಡಂಥ ಅಜಾಗರೂಕತೆಯಿಂದ ಹೋದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಪೂರ್ತಿ ಗ್ರಾಹಕರದು. ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು. ಆದ್ದರಿಂದ ದೂರು ಕೊಟ್ಟ ನಿಮಿಷವೇ ಗಡಿ. ದೂರಿನ ಸಂಖ್ಯೆ ಜೋಪಾನ. ಶಾಖೆಗೆ ಹೋಗಿ ಲಿಖಿತ ಪತ್ರವನ್ನೂ ಕೊಟ್ಟು ಮೊಹರು ಹಾಕಿಸಿಕೊಳ್ಳಿ. ಹಣ ಪಡೆಯುವವರ ಪಟ್ಟಿಗೆ ಹೊಸ ಹೆಸರು ಸೇರಿದೆಯೇ ಎಂದೂ ಅಲ್ಲೇ ಕೇಳಿ.

ಸೊರಬದ ಸುಮ · 12:45

ಪಾಸ್‌ವರ್ಡನ್ನು ಮೇಷ್ಟರು ಅವನಿಗೆ ಹೇಳಿಲ್ಲವಲ್ಲ? ತಮ್ಮ ಕಂಪ್ಯೂಟರಿನಲ್ಲಿ ತಾವೇ ಬೆರಳಚ್ಚಿಸಿದ್ದಾರೆ, ಪರದೆಯಲ್ಲಿ ಚುಕ್ಕೆಗಳಷ್ಟೇ ಕಂಡಿರುತ್ತವೆ. ಅದು ಹಂಚಿಕೊಂಡಂತೆ ಹೇಗಾಗುತ್ತದೆ? ಹೆದರಿಸಿ ಮೋಸ ಮಾಡಿದ್ದನ್ನು ಅಜಾಗರೂಕತೆ ಎಂದು ಹಿರಿಯರ ತಲೆಗೆ ಕಟ್ಟುವುದು ನ್ಯಾಯವಲ್ಲ.

ನಿವೃತ್ತ ಬ್ಯಾಂಕ್ ಅಧಿಕಾರಿ, ಶಿವಮೊಗ್ಗ · 1:10

ತಂಗಿ, ನಿಮ್ಮ ಮಾತು ನನ್ನ ಮನಸ್ಸಿಗೂ ಒಪ್ಪುತ್ತದೆ. ಗ್ರಾಹಕರೇ ಹೊಣೆ ಎಂದು ಸಾಬೀತು ಮಾಡುವ ಭಾರ ಬ್ಯಾಂಕಿನದು ಎಂದೂ ಅದೇ ಸುತ್ತೋಲೆ ಹೇಳುತ್ತದೆ. ಆದರೂ ದೂರದಿಂದ ನಡೆಸಲು ಒಪ್ಪಿಗೆ ಕೊಟ್ಟದ್ದನ್ನೇ ಬ್ಯಾಂಕುಗಳು ಅಜಾಗರೂಕತೆ ಎಂದು ವಾದಿಸುತ್ತವೆ. ಶಾಖೆಯಲ್ಲಿ ಬಗೆಹರಿಯದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಮುಂದೆ ಹೋಗಬಹುದು. ಅಲ್ಲಿ ಯಾರ ಪರ ತೀರ್ಪು ಬರುತ್ತದೆಂದು ಮುಂಚಿತವಾಗಿ ಹೇಳಲಾರೆ.

ಮಂಡಗದ್ದೆ ಮೇಷ್ಟರು · 3:25

ಕಡತ ಸಿಕ್ಕಿತು. `Incoming` ಸಾಲುಗಳು ಎರಡಿವೆ. ಒಂದೇ ಅಂಕಿ, ಇಬ್ಬರೂ ಒಬ್ಬರೇ. ಎರಡಕ್ಕೂ ನಡುವೆ ಮೂರೂವರೆ ಗಂಟೆಯ ಅಂತರ. ಸಂಜೆ ಆರಕ್ಕೆ ಸ್ವಲ್ಪ ಮೊದಲು ನಾನು ಒಪ್ಪಿಗೆ ಕೊಟ್ಟಿದ್ದೆ. ಅಂದರೆ ನಾನು ಊಟಕ್ಕೆ ಕುಳಿತಿದ್ದಾಗ ಅವನು ಮತ್ತೆ ಬಂದಿದ್ದಾನೆ. ಓದಿ ಕೈಕಾಲು ತಣ್ಣಗಾಯಿತು.

ನಿನ್ನೆಯ ದಿನಾಂಕದಲ್ಲಿ ಎರಡು ತಂತ್ರಾಂಶಗಳಿವೆ. ಒಂದು `AnyDesk`. ಇನ್ನೊಂದು `ScreenConnect Client`, ಅದರ ಮುಂದೆ ಆವರಣದೊಳಗೆ ಅರ್ಥವಿಲ್ಲದ ಅಕ್ಷರ, ಅಂಕಿಗಳು. ಎರಡನೆಯದನ್ನು ನಾನು ಹಾಕಿಕೊಂಡೇ ಇಲ್ಲ.

ಸಾಗರದ ಗಣಕ ರಿಪೇರಿ · 4:00

ಇದೇ ಇರಬಹುದೆಂದು ಹೆದರಿದ್ದೆ. ಮೊದಲನೆಯದು ನಿಮಗೆ ಗೊತ್ತಿದೆ, ಗೊತ್ತಿರುವುದನ್ನು ನೀವು ತೆಗೆಯುತ್ತೀರಿ. ಅದಕ್ಕೇ ಎರಡನೆಯದನ್ನು ಸದ್ದಿಲ್ಲದೆ ಇಟ್ಟು ಹೋಗುತ್ತಾರೆ. ಇದೂ ದೂರದಿಂದ ಕಂಪ್ಯೂಟರ್ ನಡೆಸಲು ಕಚೇರಿಗಳಲ್ಲಿ ಬಳಸುವ ಸಾಚಾ ತಂತ್ರಾಂಶವೇ. ಕಂಪ್ಯೂಟರ್ ಹಚ್ಚಿದೊಡನೆ ಹಿನ್ನೆಲೆಯಲ್ಲಿ ತಾನೇ ಶುರುವಾಗುತ್ತದೆ. ಬೆಳಿಗ್ಗೆ ಎನಿಡೆಸ್ಕ್ ಒಂದನ್ನೇ ತೆಗೆದು ನೆಮ್ಮದಿಯಾಗಿದ್ದರೆ ಇಂದು ರಾತ್ರಿಯೂ ಅವನು ಬರುತ್ತಿದ್ದ.

ಅದರ ಪೂರ್ತಿ ಹೆಸರಿನ ಫೋಟೋವನ್ನೂ ತೆಗೆದುಕೊಳ್ಳಿ. ಈಗ ಕಷ್ಟದ ಪ್ರಶ್ನೆ ಕೇಳುತ್ತೇನೆ. ಬ್ರೌಸರಿನಲ್ಲಿ ಪಾಸ್‌ವರ್ಡ್‌ಗಳನ್ನು ಉಳಿಸಿಟ್ಟಿದ್ದೀರಾ? ಕಂಪ್ಯೂಟರ್ ಹಚ್ಚುವಾಗ ಪಾಸ್‌ವರ್ಡ್ ಕೇಳುತ್ತದೆಯೇ?

ಮಂಡಗದ್ದೆ ಮೇಷ್ಟರು · 4:12

ಉಳಿಸಿದ್ದೇನೆ. ಹಚ್ಚುವಾಗ ಏನೂ ಕೇಳುವುದಿಲ್ಲ, ಮನೆಯಲ್ಲಿ ಇಬ್ಬರೇ ಇರುವುದು. ‘ದಾಖಲೆಗಳು’ ಎಂಬ ಫೋಲ್ಡರಿನಲ್ಲಿ ನಮ್ಮಿಬ್ಬರ ಆಧಾರ್, ಪ್ಯಾನ್, ಪಿಂಚಣಿ ಕಾಗದಗಳ ಸ್ಕ್ಯಾನ್ ಪ್ರತಿಗಳೂ ಇವೆ.

ಸಾಗರದ ಗಣಕ ರಿಪೇರಿ · 4:40

ಹಾಗಿದ್ದರೆ ಬ್ರೌಸರಿನಲ್ಲಿದ್ದ ಎಲ್ಲ ಪಾಸ್‌ವರ್ಡ್‌ಗಳೂ ಹೋದವೆಂದೇ ಲೆಕ್ಕ ಹಿಡಿಯಿರಿ. ಉಳಿಸಿದ ಪಾಸ್‌ವರ್ಡ್ ತೋರಿಸುವ ಮೊದಲು ಕ್ರೋಮ್ ವಿಂಡೋಸಿನ ಪಾಸ್‌ವರ್ಡ್ ಕೇಳುತ್ತದೆ. ವಿಂಡೋಸಿಗೆ ಪಾಸ್‌ವರ್ಡೇ ಇಲ್ಲದಿದ್ದರೆ ಆ ತಡೆಯೂ ಇಲ್ಲ. ಚುಕ್ಕೆಗಳಷ್ಟೇ ಕಂಡಿರುತ್ತವೆ ಎಂದು ಸುಮ ಅವರು ಹೇಳಿದ್ದು ಸರಿ, ಆದರೆ ಬ್ಯಾಂಕಿನ ಪಾಸ್‌ವರ್ಡನ್ನೂ ಅಲ್ಲಿ ಉಳಿಸಿದ್ದರೆ ಅದನ್ನು ಬೇರೆ ಬಾಗಿಲಿನಿಂದ ಓದಬಹುದು. ಒಂದೊಂದನ್ನೂ ಮೊಬೈಲಿನಿಂದ ಬದಲಿಸಿ.

ಆಧಾರ್ ವಿಷಯದಲ್ಲಿ, ಯುಐಡಿಎಐ ತಾಣದಲ್ಲಿ ಅಥವಾ ಎಂಆಧಾರ್ ಆ್ಯಪಿನಲ್ಲಿ ಬಯೋಮೆಟ್ರಿಕ್ ಬೀಗ ಹಾಕಿಡಬಹುದು. ಬೆರಳಚ್ಚು ಬಳಸಿ ಹಣ ತೆಗೆಯುವುದನ್ನು ಅದು ತಡೆಯುತ್ತದೆ. ಪ್ರತಿಯೇ ಕೈಗೆ ಸಿಕ್ಕಿದ್ದರೆ ಅದನ್ನು ಮರಳಿ ಪಡೆಯುವ ದಾರಿ ಇಲ್ಲ. ಇದನ್ನು ಮುಚ್ಚಿಟ್ಟು ನಿಮಗೆ ಸಮಾಧಾನ ಹೇಳಲಾರೆ.

ಹೊಸನಗರದ ಹುಡುಗ · 5:05

ಸರ್, ಎರಡನೆಯದೊಂದು ಇರಬಹುದೆಂದು ನನಗೆ ಹೊಳೆದಿರಲಿಲ್ಲ. ಆದರೆ ಈಗಲಾದರೂ ರೀಸೆಟ್ ಮಾಡಬೇಕಲ್ಲವೇ? ಎರಡು ಇಟ್ಟವನು ಮೂರನೆಯದನ್ನು ಇಟ್ಟಿಲ್ಲವೆಂದು ಯಾರು ಹೇಳಬಲ್ಲರು?

ಸಾಗರದ ಗಣಕ ರಿಪೇರಿ · 5:20

ಈಗ ನೀನು ಹೇಳಿದ್ದು ಸರಿ ತಮ್ಮ. ಅವನೊಬ್ಬನೇ ಕುಳಿತು ಕೆಲಸ ಮಾಡಿದ ಕಂಪ್ಯೂಟರನ್ನು ನಾನು ನಂಬುವುದಿಲ್ಲ. ಫೋಟೋ, ಬರಹಗಳನ್ನಷ್ಟೇ ಉಳಿಸಿಕೊಂಡು, ಇನ್ನೊಂದು ಕಂಪ್ಯೂಟರಿನಲ್ಲಿ ಮಾಡಿಕೊಂಡ ಪೆನ್‌ಡ್ರೈವಿನಿಂದ ವಿಂಡೋಸನ್ನು ಹೊಸದಾಗಿ ಹಾಕುವುದು ನನ್ನ ಕ್ರಮ. ಆದರೆ ಪೊಲೀಸರು ನೋಡಿದ ಮೇಲೆ.

ಸೊರಬದ ಸುಮ · 5:45

ಆ ಮೊದಲ ನೀಲಿ ಪುಟ ಬಂದಾಗಲೇ ಹೇಗೆ ಹೊರಬರುವುದು? ನಮ್ಮ ಅಪ್ಪನ ಮನೆಯಲ್ಲೂ ಹಳೆಯ ಕಂಪ್ಯೂಟರ್ ಇದೆ, ಅವರಿಗೆ ಇಂದೇ ಹೇಳಬೇಕು.

ಸಾಗರದ ಗಣಕ ರಿಪೇರಿ · 6:10

ಅದು ಬರೀ ಒಂದು ಜಾಲಪುಟ. ಇಡೀ ಪರದೆ ತುಂಬಿಕೊಂಡು, ಬಾಣದ ಗುರುತನ್ನು ಮರೆಸಿ, ಧ್ವನಿ ಹಾಕುತ್ತದೆ, ಅಷ್ಟೇ. ಆ ಹೊತ್ತಿಗೆ ಕಂಪ್ಯೂಟರಿಗೆ ಸಾಮಾನ್ಯವಾಗಿ ಏನೂ ಆಗಿರುವುದಿಲ್ಲ. `Esc` ಕೀಲಿಯನ್ನು ಕೆಲವು ಕ್ಷಣ ಒತ್ತಿ ಹಿಡಿಯಿರಿ. ಬ್ರೌಸರಿನ ಮೇಲ್ಭಾಗ ಮತ್ತೆ ಕಾಣಿಸಿಕೊಂಡರೆ ಮುಚ್ಚಿಬಿಡಿ. ಆಗದಿದ್ದರೆ `Ctrl+Shift+Esc` ಒತ್ತಿ, ಪಟ್ಟಿಯಲ್ಲಿ ಬ್ರೌಸರಿನ ಹೆಸರು ಆಯ್ದು ನಿಲ್ಲಿಸಿ. ಅದೂ ಆಗದಿದ್ದರೆ ಗುಂಡಿ ಒತ್ತಿ ಹಿಡಿದು ಕಂಪ್ಯೂಟರನ್ನೇ ಆರಿಸಿ, ಕಡತಗಳು ನಾಶವಾಗುತ್ತವೆ ಎಂಬ ಮಾತನ್ನು ನಂಬಬೇಡಿ. ಮತ್ತೆ ತೆರೆದಾಗ ಹಳೆಯ ಪುಟಗಳನ್ನು ಮರಳಿ ತರಲೇ ಎಂದು ಬ್ರೌಸರ್ ಕೇಳುತ್ತದೆ. ಬೇಡ ಎನ್ನಿ. ಇಲ್ಲದಿದ್ದರೆ ಅದೇ ಪುಟ ಎದ್ದು ಬರುತ್ತದೆ.

ನಿಮ್ಮ ತಂದೆಯವರಿಗೆ ಒಂದೇ ಗುರುತು ಹೇಳಿಕೊಡಿ: ಫೋನ್ ಸಂಖ್ಯೆ. ಮೈಕ್ರೋಸಾಫ್ಟಿನ ನಿಜವಾದ ಎಚ್ಚರಿಕೆಗಳಲ್ಲಿ ಕರೆ ಮಾಡಲು ಸಂಖ್ಯೆ ಇರುವುದಿಲ್ಲ.

ಮಂಡಗದ್ದೆ ಮೇಷ್ಟರು · ಗುರುವಾರ, ಸಂಜೆ 5:30

ಇಂದು ಮೊದಲ ಬಸ್ಸಿಗೆ ಶಿವಮೊಗ್ಗಕ್ಕೆ ಹೋಗಿ, ಸೈಬರ್ ಅಪರಾಧಗಳನ್ನು ನೋಡುವ ಸಿಇಎನ್ ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟೆ. ಪೆನ್‌ಡ್ರೈವಿನಲ್ಲಿದ್ದ ಕಡತವನ್ನೂ ಫೋಟೋಗಳನ್ನೂ ತೆಗೆದುಕೊಂಡರು. ಹಣ ಹೋಗಿಲ್ಲವಾದ್ದರಿಂದ ಸುಮ್ಮನೆ ಕಳಿಸಬಹುದೆಂದುಕೊಂಡಿದ್ದೆ, ಹಾಗಾಗಲಿಲ್ಲ. ಬ್ಯಾಂಕಿನಲ್ಲಿ ಪತ್ರಕ್ಕೆ ಮೊಹರು ಹಾಕಿಸಿದೆ. ಹಣ ಪಡೆಯುವವರ ಪಟ್ಟಿಯಲ್ಲಿ ಹೊಸ ಹೆಸರಿಲ್ಲ. ಆಧಾರಿಗೆ ಮನೆಯವರದ್ದೂ ಸೇರಿಸಿ ಬೀಗ ಹಾಕಿದ್ದೇನೆ. ಪಾಸ್‌ವರ್ಡ್‌ಗಳು ಹನ್ನೊಂದು ಇದ್ದವು, ಒಂಬತ್ತು ಮುಗಿದಿವೆ.

ಆ ಫೋಲ್ಡರನ್ನು ಅವನು ಕೊಂಡೊಯ್ದನೇ ಇಲ್ಲವೇ ಎಂಬುದು ಮಾತ್ರ ತಿಳಿಯಲಿಲ್ಲ. ಬೆಳಿಗ್ಗೆಯಿಂದ ಬೇರೆ ಬೇರೆ ಸಂಖ್ಯೆಗಳಿಂದ ಕರೆಗಳು ಬರುತ್ತಿವೆ. ಒಂದನ್ನು ಮನೆಯವರು ಎತ್ತಿದ್ದಾರೆ, ‘ನಿಮ್ಮ ಹಣ ಮರಳಿಸುತ್ತೇವೆ, ಕಂಪ್ಯೂಟರ್ ಹಚ್ಚಿ’ ಎಂದರಂತೆ. ನಾವು ಹಣ ಕೊಟ್ಟೇ ಇಲ್ಲವಲ್ಲ!

ಸಾಗರದ ಗಣಕ ರಿಪೇರಿ · 6:05

ಅದು ಇದೇ ಆಟದ ಮುಂದಿನ ಭಾಗ ಮೇಷ್ಟರೇ. ಒಮ್ಮೆ ಕರೆ ಎತ್ತಿದವರ ಸಂಖ್ಯೆ ಅವರಲ್ಲಿ ಕೈ ಬದಲಾಗುತ್ತಿರುತ್ತದೆ. ಹಣ ಮರಳಿಸುವ ನೆಪದಲ್ಲಿ ಮತ್ತೆ ಬ್ಯಾಂಕಿನ ಪುಟ ತೆರೆಸಿ, ತಪ್ಪಿ ಹೆಚ್ಚು ಹಣ ಹಾಕಿಬಿಟ್ಟೆವು ಎಂದು ಪರದೆಯ ಮೇಲಿನ ಅಂಕಿಯನ್ನಷ್ಟೇ ತಿದ್ದಿ ತೋರಿಸುತ್ತಾರೆ, ‘ಹೆಚ್ಚಿನದನ್ನು’ ಹಿಂದಕ್ಕೆ ಕೇಳುತ್ತಾರೆ. ಅಕ್ಕನವರಿಗೂ ಇದನ್ನು ಹೇಳಿಡಿ. ಕರೆ ಬಂದ ಸಂಖ್ಯೆಗಳನ್ನು `sancharsaathi.gov.in` ತಾಣದ ಚಕ್ಷು ವಿಭಾಗದಲ್ಲಿ ದಾಖಲಿಸಿ.

ಭಾನುವಾರ ನಾನು ತೀರ್ಥಹಳ್ಳಿಗೆ ಬರುವವನಿದ್ದೇನೆ. ಪೊಲೀಸರು ಸರಿಯೆಂದರೆ ಕಂಪ್ಯೂಟರ್ ತನ್ನಿ, ವಿಂಡೋಸ್ ಹಾಕುವ ಮೊದಲು ಎನಿಡೆಸ್ಕ್ ಬರೆದಿಡುವ `ad.trace` ಎಂಬ ಕಡತವನ್ನು ಇಬ್ಬರೂ ಕುಳಿತು ಓದೋಣ. ಕಡತಗಳನ್ನು ಸಾಗಿಸಿದ್ದರೆ ಅದರಲ್ಲಿ ಸುಳಿವು ಉಳಿದಿರಬಹುದು. ಪ್ರಿಂಟರನ್ನೂ ತನ್ನಿ.